16 ಸಾಲಿನಲ್ಲಿ 13 ‘ನಾನು’: ಒಂದು ಪದ್ಯವನ್ನು ತಿದ್ದಿದ ಬಗೆ

ಈ ಪದ್ಯ ಬರೆದವಳು ನನಗಿಂತ ಚಿಕ್ಕವಳು. ಮೊದಲು ಛಂದಸ್ಸಿನಲ್ಲಿ ಬರೆಯುತ್ತಿದ್ದಳು, ಈಗ ಮುಕ್ತವಾಗಿ ಬರೆಯುತ್ತಾಳೆ. ಹೆಸರು ಹಾಕಬೇಡ ಅಂದಿದ್ದಾಳೆ. ಕರಡನ್ನೂ ತಿದ್ದಿದ್ದನ್ನೂ ತೋರಿಸಬಹುದು ಅಂತ ಒಪ್ಪಿದ್ದಾಳೆ. ಎದುರು ಮನೆಯವರು ಮನೆ ಖಾಲಿ ಮಾಡಿಕೊಂಡು ಹೋದ ದಿನದ ಬಗ್ಗೆ ಬರೆದ ಪದ್ಯ ಅದು. ಅವಳು ಅದನ್ನು ನನ್ನ ಹತ್ತಿರ ತಂದಾಗ ಒಂದು ದೂರು ಜೊತೆಗಿತ್ತು.

“ಅಕ್ಕಾ, ಎದುರು ಮನೆ ಬಗ್ಗೆ ಬರೆದಿದ್ದು ಇದು. ಓದಿದವರೆಲ್ಲ ‘ನೀನು ಹುಷಾರಾಗಿದ್ದೀಯಾ, ಏನಾಯ್ತು ನಿಂಗೆ’ ಅಂತ ಕೇಳ್ತಾರೆ. ಆ ಮನೆ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ.”

ಪದ್ಯದಲ್ಲಿ ಏನು ತಪ್ಪಿದೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ. ಓದಿದವರ ಪ್ರಶ್ನೆ ಯಾರ ಕಡೆ ತಿರುಗುತ್ತದೋ ಪದ್ಯ ಅವರದ್ದು. ಕರಡು ಹೀಗಿತ್ತು:

ನನ್ನ ಎದುರಿನ ಮನೆ

ಇಂದು ಬೆಳಿಗ್ಗೆ ನಾನು ಕಿಟಕಿಯಲ್ಲಿ ನಿಂತಿದ್ದೆ
ಎದುರು ಮನೆಯ ಮುಂದೆ ಲಾರಿ ಬಂದದ್ದನ್ನು ನಾನು ನೋಡಿದೆ
ಒಂದೊಂದಾಗಿ ಸಾಮಾನು ಹೊರಬರುವಾಗ
ನನ್ನೊಳಗೂ ಏನೋ ಖಾಲಿಯಾಗುತ್ತಿದೆ ಎಂದು ನನಗೆ ಅನಿಸಿತು

ಮಂಚವನ್ನು ಬಿಚ್ಚಿ ತಂದರು
ನನ್ನ ಕನಸುಗಳನ್ನೂ ಹೀಗೇ ಯಾರೋ ಬಿಚ್ಚಿದ್ದರು
ಅಜ್ಜಿ ಗೋಡೆಯ ಮೊಳೆ ಕೀಳುವುದನ್ನು ಕಂಡೆ
ನನ್ನ ಎದೆಯಲ್ಲೂ ಇಂಥ ಮೊಳೆಗಳಿವೆ

ಆ ಮನೆಯ ಹುಡುಗ ನನಗೆ ಕೈ ಬೀಸಿದ
ನಾನು ಕೈ ಬೀಸಲಿಲ್ಲ, ಯಾಕೋ ಗೊತ್ತಿಲ್ಲ
ನಾನು ಯಾವಾಗಲೂ ಹೀಗೇ
ಹೋಗುವವರನ್ನು ತಡೆಯಲು ನನಗೆ ಬರುವುದಿಲ್ಲ

ಲಾರಿ ತಿರುವಿನಲ್ಲಿ ಮರೆಯಾಯಿತು
ನಾನು ಇನ್ನೂ ಕಿಟಕಿಯಲ್ಲೇ ಇದ್ದೇನೆ
ಖಾಲಿ ಮನೆ ನನ್ನನ್ನು ನೋಡುತ್ತಿದೆ
ನಾನೂ ಒಂದು ಖಾಲಿ ಮನೆ

ಕೆಟ್ಟ ಪದ್ಯ ಅಲ್ಲ. ಕೈ ಬೀಸದ ಆ ಗಳಿಗೆ ಚೆನ್ನಾಗಿದೆ. ಮಂಚ ಬಿಚ್ಚುವುದು, ಮೊಳೆ ಕೀಳುವುದು, ಎರಡೂ ಕಣ್ಣಾರೆ ಕಂಡವರಿಗೆ ಮಾತ್ರ ಹೊಳೆಯುವ ವಿವರಗಳು. ಆದರೆ 16 ಸಾಲಿನಲ್ಲಿ ನಾನು, ನನ್ನ, ನನಗೆ ಎಲ್ಲ ಸೇರಿ 13 ಸಲ ಬಂದಿವೆ. ಶೀರ್ಷಿಕೆಯದ್ದು ಬೇರೆ. ನಾಲ್ಕು ಸಾಲು ಬಿಟ್ಟರೆ ಉಳಿದ ಎಲ್ಲದರಲ್ಲೂ ಕವಿ ಇದ್ದಾಳೆ.

ಸುಮ್ನೆ ಅಳಿಸಿದರೆ ಹೋಗುವುದಿಲ್ಲ

ಎಣಿಸಿ ತೋರಿಸಿದ ಮೇಲೆ ಅವಳು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಪೆನ್ಸಿಲ್ ತೆಗೆದುಕೊಂಡು ‘ನಾನು’ಗಳನ್ನು ಹೊಡೆದು ಹಾಕಿದಳು. ಮೊದಲ ನಾಲ್ಕು ಸಾಲು ಹೀಗಾಯಿತು:

ಇಂದು ಬೆಳಿಗ್ಗೆ ಕಿಟಕಿಯಲ್ಲಿ ನಿಂತಿದ್ದೆ
ಎದುರು ಮನೆಯ ಮುಂದೆ ಲಾರಿ ಬಂದದ್ದನ್ನು ನೋಡಿದೆ
ಒಂದೊಂದಾಗಿ ಸಾಮಾನು ಹೊರಬರುವಾಗ
ಒಳಗೂ ಏನೋ ಖಾಲಿಯಾಗುತ್ತಿದೆ ಎಂದು ಅನಿಸಿತು

ಲೆಕ್ಕ ಸೊನ್ನೆಗೆ ಬಂತು. ಪದ್ಯ ಮಾತ್ರ ಇದ್ದಲ್ಲೇ ಇದೆ. ಕನ್ನಡದಲ್ಲಿ ಈ ಕೆಲಸ ಮೋಸ ಮಾಡುತ್ತದೆ. ನಮ್ಮ ಕ್ರಿಯಾಪದದ ಬಾಲದಲ್ಲೇ ‘ನಾನು’ ಇರುತ್ತದೆ. ‘ನಿಂತಿದ್ದೆ’ ಅಂದರೆ ಸಾಕು, ನಿಂತವರು ಯಾರು ಅಂತ ಗೊತ್ತಾಗುತ್ತದೆ. ‘ನೋಡಿದೆ’, ‘ಕಂಡೆ’, ‘ಇದ್ದೇನೆ’ ಎಲ್ಲವೂ ಹಾಗೆಯೇ. ಇನ್ನು ‘ಅನಿಸಿತು’, ‘ನೆನಪಾಯಿತು’, ‘ಕಾಣಿಸಿತು’, ‘ಕೇಳಿಸಿತು’ ಇವೆಯಲ್ಲ, ಇವುಗಳ ಬಾಲದಲ್ಲಿ ‘ನಾನು’ ಇಲ್ಲ. ಆದರೂ ಅನಿಸಿದ್ದು ಯಾರಿಗೆ, ಕೇಳಿಸಿದ್ದು ಯಾರ ಕಿವಿಗೆ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಓದುಗ ತಾನಾಗಿಯೇ ಅಲ್ಲಿ ಕವಿಯನ್ನು ತಂದು ಕೂರಿಸುತ್ತಾನೆ.

ಆದ್ದರಿಂದ ಕನ್ನಡ ಪದ್ಯದಲ್ಲಿ ‘ನಾನು’ ಎಣಿಸುವಾಗ ಸರ್ವನಾಮ ನೋಡಿದರೆ ಸಾಲದು. ಕ್ರಿಯಾಪದಗಳ ಕೊನೆಯನ್ನೂ ನೋಡಬೇಕು, ಅನುಭವ ಹೇಳುವ ಕ್ರಿಯಾಪದಗಳನ್ನೂ ಸೇರಿಸಿಕೊಳ್ಳಬೇಕು.

ಎರಡನೆಯ ಸಲ ಅವಳು ‘ನಾನು’ ಜಾಗದಲ್ಲಿ ‘ಅವಳು’ ಹಾಕಿ ನೋಡಿದಳು. ‘ಅವಳು ಕಿಟಕಿಯಲ್ಲಿ ನಿಂತಿದ್ದಾಳೆ, ಅವಳೊಳಗೂ ಏನೋ ಖಾಲಿಯಾಗುತ್ತಿದೆ.’ ಇದು ವೇಷ ಅಷ್ಟೇ. ಪದ್ಯದ ಕಣ್ಣು ಈಗಲೂ ಕಿಟಕಿಯಲ್ಲಿ ನಿಂತವಳ ಮೇಲೇ ಇದೆ. ಮೊದಲಿಗಿಂತ ಸ್ವಲ್ಪ ನಾಟಕೀಯವಾಯಿತು, ಬೇರೇನೂ ಆಗಲಿಲ್ಲ. ‘ನೀನು’ ಅಂತ ಬದಲಾಯಿಸಿದ್ದರೂ ಇದೇ ಕಥೆ.

ಯಾವ ‘ನಾನು’ ಏನು ಮಾಡುತ್ತಿದೆ?

ಹಾಗಾಗಿ ಅಳಿಸುವುದನ್ನು ಬಿಟ್ಟು ಒಂದೊಂದು ‘ನಾನು’ವನ್ನೂ ಹಿಡಿದು, ಅದು ಆ ಸಾಲಿನಲ್ಲಿ ಯಾವ ಕೆಲಸ ಮಾಡುತ್ತಿದೆ ಅಂತ ಕೇಳುತ್ತಾ ಹೋದೆವು.

ಕೆಲವು ಬರೀ ಬಾಗಿಲು ಕಾಯುತ್ತಿದ್ದವು. ‘ಲಾರಿ ಬಂದದ್ದನ್ನು ನಾನು ನೋಡಿದೆ.’ ಲಾರಿ ಪದ್ಯದಲ್ಲಿದೆ ಅಂದಮೇಲೆ ಯಾರೋ ನೋಡಿದ್ದಾರೆ ಅಂತ ಗೊತ್ತೇ ಇದೆ. ‘ಮೊಳೆ ಕೀಳುವುದನ್ನು ಕಂಡೆ’ ಕೂಡ ಹಾಗೆ. ಇಲ್ಲಿ ವಾಕ್ಯದ ಮುಖ್ಯ ಕ್ರಿಯೆ ಯಾವುದು ನೋಡಿ. ಅಜ್ಜಿ ಮೊಳೆ ಕೀಳುತ್ತಿದ್ದಾಳೆ, ಅದು ದೊಡ್ಡ ಕೆಲಸ. ಆದರೆ ವಾಕ್ಯ ಅದನ್ನು ‘ಕೀಳುವುದನ್ನು’ ಅಂತ ಕರ್ಮ ಮಾಡಿ ಒಳಗೆ ತಳ್ಳಿದೆ. ಮುಂದೆ ಬಂದು ನಿಂತಿದ್ದು ‘ಕಂಡೆ’. ‘ಅಜ್ಜಿ ಮೊಳೆ ಕೀಳುತ್ತಾಳೆ’ ಅಂದ ತಕ್ಷಣ ಅಜ್ಜಿ ಕರ್ತೃ ಆಗುತ್ತಾಳೆ, ಕೀಳುವುದು ಕಣ್ಣ ಮುಂದೆ ನಡೆಯುತ್ತದೆ. ಈ ಬಗೆಯ ‘ನಾನು’ ತೆಗೆಯುವುದು ಸುಲಭ. ತೆಗೆದರೆ ನಷ್ಟ ಏನೂ ಇಲ್ಲ.

ಕಷ್ಟ ಇರುವುದು ಎರಡನೆಯ ಬಗೆಯಲ್ಲಿ. ಮಂಚ ಬಿಚ್ಚಿದರು, ನನ್ನ ಕನಸೂ ಹಾಗೇ. ಮೊಳೆ ಕಿತ್ತರು, ನನ್ನ ಎದೆಯಲ್ಲೂ ಮೊಳೆ. ಮನೆ ಖಾಲಿ, ನಾನೂ ಖಾಲಿ. ಹೊರಗಿನ ಪ್ರತಿ ವಸ್ತುವನ್ನೂ ಒಂದು ಸಾಲಿನ ಮಟ್ಟಿಗೆ ತೋರಿಸಿ, ಮುಂದಿನ ಸಾಲಿನಲ್ಲಿ ಅದರ ಮುಖವನ್ನು ಕವಿಯ ಕಡೆ ತಿರುಗಿಸಲಾಗಿದೆ. ಎರಡು ಸಲ ಹೀಗಾದರೆ ಸಾಕು, ಮೂರನೆಯ ವಸ್ತು ಬಂದಾಗ ಓದುಗನಿಗೆ ಮುಂದಿನದು ಮೊದಲೇ ಗೊತ್ತಿರುತ್ತದೆ. ಅವನು ಆ ವಸ್ತುವನ್ನು ನೋಡುವುದನ್ನೇ ನಿಲ್ಲಿಸುತ್ತಾನೆ. ಹೇಗಿದ್ದರೂ ಅದು ಕವಿಯ ಎದೆಗೆ ಹೋಗಿ ಸೇರುತ್ತದೆ ಅಲ್ವಾ?

ಈ ಸಾಲುಗಳನ್ನು ಹುಡುಕಲು ಕರಡಿನಲ್ಲೇ ಒಂದು ಗುರುತು ಸಿಕ್ಕಿತು. ‘ನನ್ನೊಳಗೂ’, ‘ಕನಸುಗಳನ್ನೂ’, ‘ಎದೆಯಲ್ಲೂ’, ‘ನಾನೂ’. ನಾಲ್ಕರಲ್ಲೂ ಕೊನೆಗೆ ಒಂದು ‘ಊ’. ಹೊರಗಿನದ್ದನ್ನು ಒಳಗಿನದ್ದಕ್ಕೆ ಜೋಡಿಸುವ ಕೀಲು ಅದು. ಪೆನ್ಸಿಲ್ ಹಿಡಿದು ಈ ‘ಊ’ಗಳ ಕೆಳಗೆ ಗೆರೆ ಎಳೆದರೆ ಪದ್ಯ ಎಲ್ಲೆಲ್ಲಿ ಒಳಕ್ಕೆ ತಿರುಗುತ್ತದೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಪ್ರತಿ ‘ಊ’ ತಪ್ಪಲ್ಲ, ‘ಇನ್ನೂ ಕಿಟಕಿಯಲ್ಲೇ’ ಅನ್ನುವುದರಲ್ಲಿ ಇರುವುದು ಬೇರೆ ಜಾತಿಯದು.

ಅದರ ಜೊತೆಗೆ ಇನ್ನೊಂದೂ ಕಣ್ಣಿಗೆ ಬಿತ್ತು. ಕರಡಿನಲ್ಲಿ ‘ಏನೋ’, ‘ಯಾರೋ’, ‘ಯಾಕೋ’ ಅಂತ ಮೂರು ಮಸುಕು ಪದಗಳಿವೆ. ಮೂರೂ ಕವಿಯ ಬಗ್ಗೆ ಇರುವ ಸಾಲುಗಳಲ್ಲೇ. ಮಂಚ, ಮೊಳೆ, ಲಾರಿ ಇರುವ ಸಾಲಿನಲ್ಲಿ ಒಂದೂ ಇಲ್ಲ. ಹೊರಗೆ ನೋಡುವಾಗ ಅವಳ ಕಣ್ಣು ಚುರುಕಾಗಿದೆ, ಒಳಗೆ ತಿರುಗಿದ ಕೂಡಲೇ ಮಂಜು ಕವಿಯುತ್ತದೆ. ಕವಿಯ ಮನಸ್ಸಿನ ಬಗ್ಗೆ ಇಷ್ಟು ಸಾಲು ಓದಿದರೂ ಅವಳ ಮನಸ್ಸಿನ ಬಗ್ಗೆ ಖಚಿತವಾಗಿ ಏನೂ ತಿಳಿಯುವುದಿಲ್ಲ. ‘ನಾನು’ ಜಾಸ್ತಿಯಾದ ಪದ್ಯಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ಇದನ್ನೇ: ಕವಿ ತುಂಬ ಇದ್ದಾಳೆ, ಆದರೆ ಅವಳ ಪರಿಚಯವೇ ಆಗುವುದಿಲ್ಲ.

ಮೂರನೆಯ ಬಗೆಯ ‘ನಾನು’ ಈ ಕರಡಿನಲ್ಲಿ ಒಂದೇ ಒಂದು. ‘ನಾನು ಕೈ ಬೀಸಲಿಲ್ಲ.’ ಇಲ್ಲಿ ‘ನಾನು’ ನೋಡುತ್ತಿಲ್ಲ, ಹೋಲಿಸಿಕೊಳ್ಳುತ್ತಿಲ್ಲ. ಮಾಡಬೇಕಾದ ಒಂದು ಕೆಲಸವನ್ನು ಮಾಡದೆ ಬಿಟ್ಟಿದೆ. ಆ ಬೀದಿಯಲ್ಲಿ ಅವತ್ತು ನಡೆದ ಘಟನೆಗಳಲ್ಲಿ ಅದೂ ಒಂದು. ಆ ‘ನಾನು’ ಇರಲಿ ಅಂದುಕೊಂಡೆವು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇವಳಿಗೆ ಛಂದಸ್ಸಿನ ಕೈ ಇದ್ದದ್ದರಿಂದಲೂ ‘ನಾನು’ ಜಾಸ್ತಿ ಬಂದಿರಬಹುದು. ‘ನಾನು’ ಮೂರು ಮಾತ್ರೆ, ‘ನನ್ನ’ ಮೂರು ಮಾತ್ರೆ, ‘ನನಗೆ’ ಕೂಡ ಮೂರೇ. ಮೂರು ಮಾತ್ರೆಯ ಲಯದಲ್ಲಿ ಎಲ್ಲಿ ಒಂದು ಗಣ ಖಾಲಿ ಬಿದ್ದರೂ ಇವು ಬಂದು ಕೂರುತ್ತವೆ. ‘ನನ್ನ ಎದೆಯ ಒಳಗೆ ಏನೊ’ ಅಂತ ಒಂದು ಸಾಲು ಉಸಿರು ಬಿಟ್ಟಷ್ಟು ಸಲೀಸಾಗಿ ಬರುತ್ತದೆ, ನಾಲ್ಕು ಗಣ ತುಂಬಿತು, ಹೇಳಿದ್ದು ಮಾತ್ರ ಏನೂ ಇಲ್ಲ. ಅದೇ ಲಯದಲ್ಲಿ ‘ಮಂಚ ಬಿಚ್ಚಿ ಹೊರಗೆ ತಂದು’ ಅಂತಲೂ ಹೇಳಬಹುದು. ಲಾರಿ, ಡಬ್ಬಿ, ಕಲ್ಲು, ಇವೂ ಮೂರು ಮಾತ್ರೆಯವೇ. ಲಯಕ್ಕಾಗಿ ‘ನಾನು’ ಬೇಕಾಯಿತು ಅನ್ನುವವರು ಆ ಜಾಗದಲ್ಲಿ ‘ಲಾರಿ’ ಇಟ್ಟು ನೋಡಬೇಕು.

ತೆಗೆದ ಜಾಗಕ್ಕೆ ಏನು ತುಂಬುವುದು

ಹೋಲಿಕೆಯ ಸಾಲುಗಳನ್ನೆಲ್ಲ ತೆಗೆದ ಮೇಲೆ ಪದ್ಯದಲ್ಲಿ ದೊಡ್ಡ ಖಾಲಿ ಜಾಗ ಬಿತ್ತು. ತುಂಬ ಜನ ಇಲ್ಲಿ ಹೆದರಿ ಹಿಂದೆ ಸರಿಯುತ್ತಾರೆ. ‘ನಾನು’ ತೆಗೆದರೆ ಭಾವನೆ ಹೋಗುತ್ತದೆ ಅನ್ನುತ್ತಾರೆ. ಇವಳೂ ಅಂದಳು. ನನಗೆ ಅನಿಸುವುದು ಬೇರೆ. ಮಂಚದ ಬಗ್ಗೆ ಅವಳು ಹೇಳಬೇಕಾದ್ದು ಅರ್ಧಕ್ಕೇ ನಿಂತಿತ್ತು. ಮುಂದಿನ ವಿವರ ಬರಬೇಕಾದ ಜಾಗದಲ್ಲಿ ‘ನನ್ನ ಕನಸು’ ಬಂದು ಕೂತಿತ್ತು. ಹಾಗಾಗಿ ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ ಹಾಕಿದೆ: ಆಮೇಲೆ ಏನಾಯ್ತು?

“ಮಂಚ ಬಿಚ್ಚಿ ತಂದ್ರು. ಆಮೇಲೆ?”

“ಆಮೇಲೇನಕ್ಕಾ, ಲಾರಿಗೆ ಹಾಕಿದ್ರು.”

“ಬಿಚ್ಚಿದ ಮಂಚಕ್ಕೆ ತಿರುಪು ಇರುತ್ತಲ್ಲ. ಅದನ್ನ ಎಲ್ಲಿ ಹಾಕಿದ್ರು?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಯ್ಯೋ ಹೌದು. ಕಾಲುಚೀಲಕ್ಕೆ ತುಂಬಿದ್ರು. ಮಗುವಿನದು, ಒಂದೇ ಒಂದು ಇತ್ತು. ಅದಕ್ಕೆ ತುಂಬಿ ಬಾಯಿಗೆ ಗಂಟು ಹಾಕಿದ್ರು.”

ಪದ್ಯದಲ್ಲಿ ಇದು ಇರಲೇ ಇಲ್ಲ! ಅವಳ ಕಣ್ಣು ಕಂಡಿತ್ತು, ಕೈ ಬರೆದಿರಲಿಲ್ಲ. ಬರೆಯುವ ಹೊತ್ತಿಗೆ ಮನಸ್ಸು ಕನಸಿನ ಕಡೆ ಓಡಿಯಾಗಿತ್ತು.

ಅಜ್ಜಿಯದ್ದೂ ಹೀಗೇ ಆಯಿತು. ಕಿತ್ತ ಮೊಳೆಗಳನ್ನು ಏನು ಮಾಡಿದರು ಅಂತ ಕೇಳಿದೆ. ಅಜ್ಜಿ ಹೊರಗಿನ ಮೆಟ್ಟಿಲ ಮೇಲೆ ಕೂತು, ಬಗ್ಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಿದ್ದಳಂತೆ. ಆ ಶಬ್ದ ಈ ಕಡೆಯ ಕಿಟಕಿಗೂ ಕೇಳುತ್ತಿತ್ತಂತೆ. ಮನೆ ಬಿಟ್ಟು ಹೋಗುವ ದುಃಖ, ಹೊಸ ಮನೆಯ ಗೋಡೆಗೆ ಮತ್ತೆ ಪಟ ಹಾಕಬೇಕು ಎಂಬ ಲೆಕ್ಕ, ಎಷ್ಟೋ ವರ್ಷದ ಮಿತವ್ಯಯ, ಎಲ್ಲ ಆ ಒಂದು ಕೆಲಸದಲ್ಲಿದೆ. ಇದರ ಮುಂದೆ ‘ನನ್ನ ಎದೆಯಲ್ಲೂ ಮೊಳೆಗಳಿವೆ’ ಎಷ್ಟು ತೆಳುವಾಗಿ ಕೇಳುತ್ತದೆ ನೋಡಿ.

ವಿವರ ಇಲ್ಲದಿದ್ದರೆ ಏನು ಮಾಡುವುದು? ನೆನಪಿಗೆ ಬರದಿದ್ದರೆ ಆ ವಸ್ತುವನ್ನೇ ಬಿಟ್ಟುಬಿಡುವುದು ಒಳ್ಳೆಯದು. ಅವಳ ಮನಸ್ಸಿನಲ್ಲಿ ಇನ್ನೂ ಒಂದಷ್ಟು ಸಾಮಾನು ಇತ್ತು. ಅದರ ಬಗ್ಗೆ ‘ಆಮೇಲೆ’ ಅಂತ ಕೇಳಿದರೆ ಉತ್ತರ ಬರಲಿಲ್ಲ. ಅದನ್ನು ಸೇರಿಸಲಿಲ್ಲ.

ಈ ಹಂತದಲ್ಲಿ ಎರಡು ಅಡ್ಡದಾರಿಗಳು ಕಂಡವು. ಮೊದಲನೆಯದು: ಅವಳು ಹೊಸದಾಗಿ ‘ಅಜ್ಜಿಗೆ ಹಳೆಯ ದಿನಗಳು ನೆನಪಾದವು’ ಅಂತ ಒಂದು ಸಾಲು ಬರೆದಳು, ‘ಖಾಲಿ ಮನೆ ಬಿಕ್ಕಿತು’ ಅಂತ ಇನ್ನೊಂದು. ‘ನಾನು’ ಎಲ್ಲೂ ಇಲ್ಲ. ಆದರೆ ಬಿಕ್ಕುತ್ತಿರುವುದು ಯಾರು? ಕವಿಯೇ. ತನ್ನ ದುಃಖವನ್ನು ಅಜ್ಜಿಯ ತಲೆಯೊಳಗೆ, ಮನೆಯ ಗಂಟಲೊಳಗೆ ಇಟ್ಟಿದ್ದಾಳೆ ಅಷ್ಟೇ. ಜಡ ವಸ್ತುಗಳಿಗೆ ಕವಿಗಳು ತಮ್ಮ ಅಳು, ಸಿಟ್ಟು ಹೊರಿಸುವುದನ್ನು ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ 1856ರಲ್ಲೇ ಹೆಸರಿಟ್ಟು ಗುರುತಿಸಿದ್ದ. ಇದು ಹಳೆಯ ಚಾಳಿ. ನಾವು ಮಾಡಿಕೊಂಡ ಕಟ್ಟಳೆ ಸರಳ: ಕಿಟಕಿಯಿಂದ ಅಜ್ಜಿಯ ಕೈ ಕಾಣುತ್ತದೆ, ಅಜ್ಜಿಯ ಮನಸ್ಸು ಕಾಣುವುದಿಲ್ಲ. ಆದ್ದರಿಂದ ಕೈಯನ್ನು ಮಾತ್ರ ಬರೆಯಬೇಕು. ‘ನಾನು’ ಹೋದರೂ ನೋಡುವ ಜಾಗ ಹೋಗಬಾರದು. ಆ ಜಾಗದಿಂದ ಕಾಣದ್ದು, ಕೇಳದ್ದು ಪದ್ಯಕ್ಕೆ ಬಂದರೆ ಅದನ್ನು ಹೊತ್ತು ತಂದಿದ್ದು ಕವಿಯೇ ಅಂತ ತಿಳಿಯಬೇಕು.

ಎರಡನೆಯದು ಇದಕ್ಕೆ ಉಲ್ಟಾ. ಹೆದರಿಕೆಯಿಂದ ಎಲ್ಲವನ್ನೂ ತೆಗೆದು ಇಷ್ಟೇ ಉಳಿಸಿದ್ದಳು:

ಹಾಸಿಗೆ. ಬೀರು. ಬಿಚ್ಚಿದ ಮಂಚ.
ಕಾಲುಚೀಲದಲ್ಲಿ ತಿರುಪು.
ಮೊಳೆಯ ಡಬ್ಬಿ. ಅಜ್ಜಿ.
ಕೈ ಬೀಸುವ ಹುಡುಗ.

ಲಾರಿಯವರ ಸಾಮಾನು ಪಟ್ಟಿಯೂ ಹೀಗೇ ಇರುತ್ತದೆ. ಪದ್ಯ ಪಟ್ಟಿಯಾಗಿದೆಯೇ ಅಂತ ತಿಳಿಯಲು ಸಾಲುಗಳನ್ನು ಹಿಂದುಮುಂದು ಮಾಡಿ ಓದಬೇಕು. ಏನೂ ಕೆಡದಿದ್ದರೆ ಅದು ಪಟ್ಟಿ. ಇದು ಕೆಡಲಿಲ್ಲ. ಕ್ರಿಯಾಪದಗಳು ಹೋದದ್ದೇ ಕಾರಣ. ತಿರುಪನ್ನು ಯಾರು ತುಂಬಿದರು, ಮೊಳೆಗೆ ಏನಾಯಿತು ಅನ್ನುವುದೆಲ್ಲ ಕ್ರಿಯಾಪದದಲ್ಲಿತ್ತು. ಕವಿಯನ್ನು ಹೊರಗೆ ಹಾಕುವ ಭರದಲ್ಲಿ ಆ ಮನೆಯವರನ್ನೂ ಹೊರಗೆ ಹಾಕಿದ್ದಳು. ಅವರ ಕ್ರಿಯಾಪದಗಳನ್ನು ಅವರಿಗೆ ವಾಪಸ್ ಕೊಟ್ಟ ಮೇಲೆ ಪದ್ಯ ಮತ್ತೆ ನಡೆಯತೊಡಗಿತು.

ಉಳಿಸಿಕೊಂಡ ಒಂದು ‘ನಾನು’

‘ಕೈ ಬೀಸಲಿಲ್ಲ’ ಸಾಲಿನ ‘ನಾನು’ವನ್ನೂ ಅವಳು ಒಮ್ಮೆ ತೆಗೆದು ನೋಡಿದಳು. ‘ಹುಡುಗ ಕೈ ಬೀಸಿದ / ಕೈ ಬೀಸಲಿಲ್ಲ’. ಇಲ್ಲಿ ಕನ್ನಡದ ಇನ್ನೊಂದು ಗುಣ ಅಡ್ಡ ಬಂತು. ‘ಬೀಸಿದೆ’ ಅಂದರೆ ಬಾಲದಲ್ಲಿ ‘ನಾನು’ ಇದೆ. ‘ಬೀಸಲಿಲ್ಲ’ ಅಂದರೆ ಇಲ್ಲ. ನಾನು, ನೀನು, ಅವನು, ಅವರು, ಯಾರಿಗಾದರೂ ‘ಬೀಸಲಿಲ್ಲ’ವೇ. ಆ ಪ್ರತಿಯನ್ನು ಓದಿದ ಒಬ್ಬರು, ಕೈ ಬೀಸದಿದ್ದದ್ದು ಅಜ್ಜಿ ಅಂದುಕೊಂಡರು. ಅವರದ್ದು ತಪ್ಪಲ್ಲ, ಪದ್ಯ ಹಾಗೇ ಹೇಳುತ್ತಿತ್ತು. ಹಾಗಾಗಿ ಇಲ್ಲಿ ಸರ್ವನಾಮ ಬರಲೇಬೇಕು. ಬರುವುದರಿಂದ ಒಂದು ಲಾಭವೂ ಇದೆ. ಹನ್ನೆರಡು ಸಾಲು ಎದುರು ಮನೆಯನ್ನೇ ನೋಡಿ ಬಂದ ಓದುಗನಿಗೆ ಇದ್ದಕ್ಕಿದ್ದಂತೆ ಒಂದು ‘ನಾನು’ ಸಿಗುತ್ತದೆ. ಕರಡಿನಲ್ಲಿ ಅದು ಎಂಟನೆಯ ‘ನಾನು’ ಆಗಿತ್ತು, ಯಾರೂ ಗಮನಿಸಿರಲಿಲ್ಲ. ಈಗ ಒಂದೇ ಇರುವುದರಿಂದ ಅದಕ್ಕೆ ತೂಕ ಬಂದಿದೆ.

ಆದರೆ ಆ ‘ನಾನು’ ಆಕಾಶದಿಂದ ಉದುರಿದ ಹಾಗೆ ಆಗಬಾರದು. ಯಾರೋ ನೋಡುತ್ತಿದ್ದಾರೆ ಎಂಬ ಸುಳಿವು ಮೊದಲೇ ಬೇಕು. ಅದಕ್ಕೆ ಅವಳೇ ಒಂದು ದಾರಿ ಹುಡುಕಿದಳು. ಬೀರುವಿಗೆ ಕನ್ನಡಿ ಇತ್ತಂತೆ. ಅದನ್ನು ಎತ್ತಿ ತರುವಾಗ ಅವಳ ಕಿಟಕಿಯೇ ಅದರಲ್ಲಿ ಓಲಾಡಿತಂತೆ. ಕವಿ ಈಗ ಪದ್ಯದಲ್ಲಿದ್ದಾಳೆ, ಆದರೆ ಬೀದಿಯಲ್ಲಿ ಕಾಣುವ ವಸ್ತುಗಳಲ್ಲಿ ಒಂದಾಗಿ. ಲಾರಿಯೊಳಗೆ ಹೋದ ಸಾಮಾನಿನ ಜೊತೆ ಅವಳ ಕಿಟಕಿಯೂ ಹೋಯಿತು. ‘ನನ್ನೊಳಗೂ ಏನೋ ಖಾಲಿಯಾಗುತ್ತಿದೆ’ ಅಂತ ಹೇಳಲು ಹೋಗಿ ಆಗದೆ ಇದ್ದದ್ದು ಇಲ್ಲಿ ಹೇಳದೆಯೇ ಆಯಿತು.

ಕೊನೆಯ ರೂಪ ಇದು:

ಎದುರು ಮನೆ

ಲಾರಿ ಹಿಂದಕ್ಕೆ ಬಂದು ಗೇಟಿಗೆ ತಾಗಿ ನಿಂತಿದೆ
ಮೊದಲು ಹಾಸಿಗೆ, ಆಮೇಲೆ ಕನ್ನಡಿಯ ಬೀರು
ಕನ್ನಡಿಯಲ್ಲಿ ಎದುರಿನ ಕಿಟಕಿ ಒಮ್ಮೆ ಓಲಾಡಿ
ಲಾರಿಯೊಳಗೆ ಹೋಯಿತು

ಮಂಚ ಬಿಚ್ಚಿದವರು ತಿರುಪುಗಳನ್ನು
ಮಗುವಿನ ಒಂಟಿ ಕಾಲುಚೀಲಕ್ಕೆ ತುಂಬಿ
ಬಾಯಿಗೆ ಗಂಟು ಹಾಕಿದರು

ಮೆಟ್ಟಿಲ ಮೇಲೆ ಅಜ್ಜಿ, ಪಕ್ಕದಲ್ಲಿ ಡಬ್ಬಿ
ಗೋಡೆಯಿಂದ ಕಿತ್ತ ಮೊಳೆಗಳಲ್ಲಿ ಬಗ್ಗಿದ್ದನ್ನು ಆರಿಸಿ
ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡುತ್ತಾಳೆ
ಒಂದೊಂದೇ

ಹುಡುಗ ಕೈ ಬೀಸಿದ
ನಾನು ಬೀಸಲಿಲ್ಲ

ಲಾರಿ ತಿರುವು ದಾಟಿತು
ಬಾಗಿಲು ತೆರೆದೇ ಇದೆ, ಒಳಗೆ ಗೋಡೆಯ ಮೇಲೆ
ಪಟಗಳಿದ್ದಷ್ಟು ಜಾಗ ಮಾತ್ರ ಹೊಸ ಬಣ್ಣ

ಇದೂ 16 ಸಾಲೇ. ಬೇಕೆಂದು ಲೆಕ್ಕ ಹಾಕಿದ್ದಲ್ಲ. ‘ಹುಡುಗ ನನಗೆ ಕೈ ಬೀಸಿದ’ ಅನ್ನುವುದರಲ್ಲಿದ್ದ ‘ನನಗೆ’ ಕೂಡ ಹೋಗಿದೆ. ಮುಂದಿನ ಸಾಲು ಅದನ್ನು ಹೇಳುತ್ತದೆ, ಎರಡು ಸಲ ಬೇಡ. ‘ಯಾಕೋ ಗೊತ್ತಿಲ್ಲ’ವನ್ನು ತೆಗೆದಾಗ ಅವಳು ಸ್ವಲ್ಪ ಎಳೆದಾಡಿದಳು. ಯಾಕೆ ಅಂತ ಹೇಳದಿದ್ದರೆ ಓದುಗ ತಾನೇ ಕೇಳಿಕೊಳ್ಳುತ್ತಾನೆ, ‘ಗೊತ್ತಿಲ್ಲ’ ಅಂದುಬಿಟ್ಟರೆ ಅವನು ಕೇಳುವುದೇ ಇಲ್ಲ, ಅಂತ ವಾದಿಸಿ ಒಪ್ಪಿಸಿದೆ.

ಎಲ್ಲದರಲ್ಲೂ ಲಾಭವೇ ಆಯಿತು ಅನ್ನಲಾರೆ. ‘ಹೋಗುವವರನ್ನು ತಡೆಯಲು ನನಗೆ ಬರುವುದಿಲ್ಲ’ ಕರಡಿನ ಒಳ್ಳೆಯ ಸಾಲುಗಳಲ್ಲಿ ಒಂದು. ಅದರಲ್ಲಿ ‘ಏನೋ’ ‘ಯಾಕೋ’ ಇಲ್ಲ, ತನ್ನ ಬಗ್ಗೆ ಖಚಿತವಾಗಿ ಒಂದು ಮಾತು ಹೇಳುತ್ತದೆ. ಆದರೆ ಅದು ಈ ಬೀದಿಯ ಸಾಲಲ್ಲ. ಅವಳು ಬಿಟ್ಟು ಹೋಗಲು ಬಿಟ್ಟ ಎಲ್ಲರ ಬಗೆಗಿನ ಸಾಲು. ಅದಕ್ಕೆ ಬೇರೆಯೇ ಪದ್ಯ ಬೇಕು, ಆ ಪದ್ಯದಲ್ಲಿ ‘ನಾನು’ ಧಾರಾಳವಾಗಿ ಇರಲಿ. ವಿಷಯವೇ ತಾನು ಆಗಿದ್ದಾಗ ‘ನಾನು’ವನ್ನು ಬಚ್ಚಿಡುವುದು ಕೂಡ ಕಳ್ಳಾಟವೇ.

ಇದನ್ನು ಹೇಳುವಾಗ ನನಗೆ ಯಾವಾಗಲೂ ಇಂಗ್ಲಿಷ್ ಕವಿ ಕೀಟ್ಸ್ ನೆನಪಾಗುತ್ತಾನೆ. 1818ರ ಅಕ್ಟೋಬರ್‌ನಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಅವನು, ಕವಿಗೆ ತನ್ನದೇ ಅಂತ ಒಂದು ಗುರುತು ಇರುವುದಿಲ್ಲ, ಅವನು ಸದಾ ಬೇರೊಂದು ದೇಹವನ್ನು ತುಂಬುತ್ತಿರುತ್ತಾನೆ ಎಂಬ ಅರ್ಥದ ಮಾತು ಬರೆದ. ಅದೇ ಕಾಗದದಲ್ಲಿ ವರ್ಡ್ಸ್‌ವರ್ತ್‌ನ ದಾರಿ ‘ತಾನು’ ಎಂಬುದರ ಸುತ್ತ ಇರುವಂಥದ್ದು, ತನ್ನದು ಅದಲ್ಲ ಅಂತ ಬೇರ್ಪಡಿಸಿದ. ಮಾರನೆಯ ವರ್ಷ ನೈಟಿಂಗೇಲ್ ಹಕ್ಕಿಯ ಮೇಲೆ ಪದ್ಯ ಬರೆಯುವಾಗ ಅದೇ ಕೀಟ್ಸ್ ಶುರು ಮಾಡಿದ್ದು ತನ್ನ ಎದೆಯ ನೋವಿನಿಂದ. ಆದರೆ ಆ ಎದೆ ಅಲ್ಲೇ ಕೂರುವುದಿಲ್ಲ. ಹಕ್ಕಿಯ ಹಾಡಿನ ಹಿಂದೆ ಹೋಗುತ್ತದೆ, ಕತ್ತಲಲ್ಲಿ ಹೂವುಗಳನ್ನು ವಾಸನೆಯಿಂದ ಊಹಿಸುತ್ತದೆ, ಕೊನೆಗೆ ಹಾಡು ದೂರವಾದಾಗ ತನ್ನಲ್ಲಿಗೆ ಮರಳುತ್ತದೆ. ಅಲ್ಲಿನ ‘ನನ್ನ’ ಎಷ್ಟು ಸಲ ಬಂತು ಅಂತ ಎಣಿಸಿದರೆ ಏನೂ ಸಿಗುವುದಿಲ್ಲ. ಅದು ಎಲ್ಲಿಗೆ ಹೋಯಿತು ಅಂತ ನೋಡಬೇಕು. ಇವಳ ಕರಡಿನ 13 ‘ನಾನು’ಗಳೂ ಕಿಟಕಿ ಬಿಟ್ಟು ಕದಲಿರಲಿಲ್ಲ, 14ನೆಯ ಸಾಲಿನಲ್ಲಿ ಅವಳೇ ಅದನ್ನು ಹೇಳಿಬಿಟ್ಟಿದ್ದಾಳೆ.

ಹೊಸ ರೂಪವನ್ನು ಮೊದಲು ಓದಿದ್ದವರಿಗೇ ಮತ್ತೆ ಕೊಟ್ಟಳು. ಒಬ್ಬರು ಅಜ್ಜಿ ಯಾವ ಊರಿಗೆ ಹೋದರು ಅಂತ ಕೇಳಿದರಂತೆ. ಇನ್ನೊಬ್ಬರಿಗೆ ಇನ್ನೊಂದು ಕಾಲುಚೀಲ ಎಲ್ಲಿ ಹೋಯಿತು ಎಂಬ ಚಿಂತೆ. ಹುಷಾರಾಗಿದ್ದೀಯಾ ಅಂತ ಯಾರೂ ಕೇಳಲಿಲ್ಲ. ಒಬ್ಬರು ಮಾತ್ರ “ಯಾಕೆ ಕೈ ಬೀಸಲಿಲ್ಲ ನೀನು?” ಅಂತ ಸ್ವಲ್ಪ ಸಿಟ್ಟಿನಲ್ಲೇ ಕೇಳಿದರಂತೆ. ಅವಳಿಗೆ ಅದರಿಂದ ಖುಷಿಯಾಗಿತ್ತು.

ನಮ್ಮಿಬ್ಬರ ನಡುವೆ ಒಂದು ತಕರಾರು ಇನ್ನೂ ಮುಗಿದಿಲ್ಲ, ಅದು ‘ಒಂಟಿ ಕಾಲುಚೀಲ’ದ್ದು. ‘ಒಂಟಿ’ ಅಂದ ಕೂಡಲೇ ಕವಿಯ ಒಂಟಿತನ ಹಿಂಬಾಗಿಲಿನಿಂದ ಒಳಗೆ ಬಂತು, ‘ಒಂದು ಕಾಲುಚೀಲಕ್ಕೆ’ ಅಂದರೆ ಸಾಕು ಅನ್ನುವುದು ನನ್ನ ವಾದ. ಜೋಡಿ ತಪ್ಪಿದ ಕಾಲುಚೀಲವನ್ನು ಎಲ್ಲರೂ ಹಾಗೇ ಕರೆಯುತ್ತಾರೆ, ನೀನೇ ಅದರೊಳಗೆ ನನ್ನನ್ನು ಹುಡುಕುತ್ತಿದ್ದೀಯ ಅಕ್ಕಾ, ಅನ್ನುವುದು ಅವಳದ್ದು. ಪದ್ಯ ಅವಳದ್ದಾದ್ದರಿಂದ ‘ಒಂಟಿ’ ಸದ್ಯಕ್ಕೆ ಇದೆ.